ಸೋಮವಾರ ತುಂಬಿದ ಪೆನ್ಸಿಲ್ ಡಬ್ಬಿ ಬುಧವಾರಕ್ಕೇ ಖಾಲಿ: ಸರಿಯಾಗಿದ್ದು ಹೀಗೆ

ಪೆನ್ಸಿಲ್‌ಗಳನ್ನೆಲ್ಲ ಸೋಮವಾರ ಒಟ್ಟಿಗೇ ತುಂಬಿದ್ದೇ ತಪ್ಪು. ಆರು ಪೆನ್ಸಿಲ್ ಇದ್ದರೆ ಒಂದು ಕಳೆದದ್ದು ಮಗುವಿಗೆ ಗೊತ್ತಾಗುವುದೇ ಇಲ್ಲ. ಈಗ ಡಬ್ಬಿಯಲ್ಲಿ ಚೂಪು ಮಾಡಿದ ಮೂರು ಪೆನ್ಸಿಲ್, ಒಂದು ರಬ್ಬರ್, ಒಂದು ಮೆಂಡರ್, ಅಷ್ಟೇ. ಮುಚ್ಚಳದ ಒಳಗೆ ಇವುಗಳ ಚಿತ್ರ ಬರೆದು ಅಂಟಿಸಿದೆ. ಓದಲು ಬಾರದ ಮಗುವೂ ಎಣಿಸಿ ನೋಡುತ್ತದೆ.

ರಾತ್ರಿ ಬ್ಯಾಗ್ ಪೂರ್ತಿ ಖಾಲಿ ಮಾಡಿ, ಡೈರಿ ನೋಡಿ, ಮರುದಿನದ ಟೈಂಟೇಬಲ್‌ನಂತೆ ಪುಸ್ತಕ ಜೋಡಿಸಬೇಕು. ಕಳೆದ ಪೆನ್ಸಿಲ್‌ಗಳಲ್ಲಿ ಅರ್ಧ ಬ್ಯಾಗಿನ ತಳದಲ್ಲೇ ಸಿಗುತ್ತವೆ!

ಮೆಂಡರ್‌ಗೆ ಹಾಕಿದಾಗಲೆಲ್ಲ ಮೊನೆ ತುಂಡಾಗಿ ಉದುರಿದರೆ, ಆ ಪೆನ್ಸಿಲ್ ಕೆಳಗೆ ಬಿದ್ದು ಒಳಗಿನ ಸೀಸ ಮುರಿದಿರಬಹುದು. ಹೊಸ ಪೆನ್ಸಿಲ್‌ಗೂ ಹಾಗೇ ಆದರೆ ಬ್ಲೇಡ್ ಮೊಂಡಾಗಿದೆ, ಮೆಂಡರ್ ಬದಲಿಸಿ.

ಮನೆಯ ದಾಸ್ತಾನಿನಲ್ಲಿ ನಾಲ್ಕು ಪೆನ್ಸಿಲ್, ಎರಡು ರಬ್ಬರ್, ಒಂದು ಮೆಂಡರ್. ಶನಿವಾರ ಎಣಿಸಿ, ಕಡಿಮೆಯಾದಷ್ಟನ್ನೇ ತರುವುದು.