ಎ.ಆರ್.ಆರ್. ಏರಿತು, ಸಣ್ಣ ತೋಟಗಳು ಬಿಟ್ಟು ಹೋದವು: ಒಂದು ವರ್ಷದ ಲೆಕ್ಕ

ನಮ್ಮದು ಚಿಕ್ಕಮಗಳೂರಿನ ಸಣ್ಣ ಕಂಪನಿ. ಕಾಫಿ ತೋಟಗಳ ಆಳುಗಳ ಹಾಜರಿ ಇಡುವ ಚೆಕ್‌ರೋಲ್, ಕೂಲಿ ಬಟವಾಡೆ, ಮುಂಗಡ, ಕೊಯ್ದ ಹಣ್ಣಿನ ತೂಕ ಇವುಗಳನ್ನು ಬರೆದಿಡುವ ಸಾಫ್ಟ್‌ವೇರ್ ಮಾರುತ್ತೇವೆ. ವರ್ಷಕ್ಕೊಮ್ಮೆ ಚಂದಾ. ಮಾರಾಟದ ಹೊಣೆ ನನ್ನದು. ಒಂದು ವರ್ಷ ನಮ್ಮ ಎ.ಆರ್.ಆರ್. ₹12 ಲಕ್ಷದಿಂದ ₹14 ಲಕ್ಷಕ್ಕೆ ಏರಿತು. ಅದೇ ವರ್ಷ ಸಣ್ಣ ತೋಟಗಳಲ್ಲಿ ಐದಕ್ಕೆ ಒಂದು ನಮ್ಮನ್ನು ಬಿಟ್ಟಿತು. ಎರಡೂ ನಿಜ. ಇವೆರಡೂ ಒಂದೇ ಲೆಕ್ಕದೊಳಗೆ ಹೇಗೆ ಕೂತಿದ್ದವು ಎಂಬುದನ್ನು ಬಿಡಿಸಿ ನೋಡಿದರೆ ಈ ವ್ಯಾಪಾರದ ಮುಖ್ಯ ಅಳತೆಗಳೆಲ್ಲ ಅರ್ಥವಾಗುತ್ತವೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಎ.ಆರ್.ಆರ್. ಎಂದರೆ ವರ್ಷ ವರ್ಷವೂ ಮರುಕಳಿಸುವ ಆದಾಯ. ಇವತ್ತು ಚಾಲ್ತಿಯಲ್ಲಿರುವ ಚಂದಾಗಳೆಲ್ಲ ಹೀಗೆಯೇ ಮುಂದುವರಿದರೆ ಒಂದು ವರ್ಷಕ್ಕೆ ಎಷ್ಟು ಬರುತ್ತದೆ ಎಂಬುದರ ಮೊತ್ತ ಅದು. ಬ್ಯಾಂಕಿಗೆ ಬಂದ ಹಣಕ್ಕೂ ಇದಕ್ಕೂ ಸಂಬಂಧ ದೂರದ್ದು. ಸಣ್ಣ ತೋಟದ ಚಂದಾ ₹10,000, ಅದರ ಮೇಲೆ ಶೇ 18 ಜಿ.ಎಸ್.ಟಿ. ಸೇರಿ ಬಿಲ್ ₹11,800. ಎ.ಆರ್.ಆರ್.ಗೆ ಹೋಗುವುದು ₹10,000 ಮಾತ್ರ, ಉಳಿದದ್ದು ಸರ್ಕಾರದ್ದು. ಮೊದಲ ಸಲ ತೋಟಕ್ಕೆ ಹೋಗಿ ಅಲ್ಲಿನ ಲೆಕ್ಕ ಬರೆಯುವ ರೈಟರಿಗೆ ಕಲಿಸಿಕೊಡುವುದಕ್ಕೆ ಪಡೆಯುವ ಶುಲ್ಕ ಮತ್ತೆ ಬರುವುದಿಲ್ಲ, ಆದ್ದರಿಂದ ಅದೂ ಹೊರಗೆ. ಮೂರು ವರ್ಷಕ್ಕೆ ಒಟ್ಟಿಗೆ ₹27,000 ಕೊಟ್ಟವರ ಹೆಸರಿನ ಮುಂದೆ ಬರೆಯಬೇಕಾದದ್ದು ₹9,000.

ಕಾಫಿ ಸೀಮೆಯಲ್ಲಿ ಇದಕ್ಕೊಂದು ಸ್ಥಳೀಯ ತೊಡಕಿದೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾಗುತ್ತದೆ, ಅದರ ಹಿಂದೆಯೇ ರೊಬಸ್ಟಾ ಬಂದು ಮಾರ್ಚ್‌ವರೆಗೂ ಎಳೆಯುತ್ತದೆ. ಆ ತಿಂಗಳುಗಳಲ್ಲಿ ಹೊರಗಿನಿಂದ ಕೊಯ್ಲಿಗೆ ಬರುವ ಆಳುಗಳಿಗಾಗಿ ದೊಡ್ಡ ತೋಟಗಳು ನಾಲ್ಕು ತಿಂಗಳ ಮಟ್ಟಿಗೆ ಹೆಚ್ಚುವರಿ ಪ್ಯಾಕ್ ತೆಗೆದುಕೊಳ್ಳುತ್ತವೆ, ಬೆಲೆ ₹4,000. ನಾಲ್ಕು ತಿಂಗಳಿಗೆ ನಾಲ್ಕು ಸಾವಿರ, ಹಾಗಾದರೆ ವರ್ಷಕ್ಕೆ ಹನ್ನೆರಡು ಸಾವಿರ ಎಂದು ಗುಣಿಸಿ ಎ.ಆರ್.ಆರ್.ಗೆ ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಕೊಯ್ಲಿನ ಆಳುಗಳೇ ಇಲ್ಲದಿರುವಾಗ ಆ ಪ್ಯಾಕಿಗೆ ಯಾರು ದುಡ್ಡು ಕೊಡುತ್ತಾರೆ? ಮುಂದಿನ ಕೊಯ್ಲಿಗೂ ತೆಗೆದುಕೊಳ್ಳುತ್ತೇವೆಂದು ಒಪ್ಪಂದದಲ್ಲಿ ಬರೆದುಕೊಟ್ಟವರದ್ದಾದರೆ ₹4,000 ಎಂದೇ ಸೇರಿಸಬಹುದು. ನಮ್ಮವರು ಯಾರೂ ಹಾಗೆ ಬರೆದುಕೊಡುವುದಿಲ್ಲ. ಮಳೆ ಹೇಗೆ, ಫಸಲು ಹೇಗೆ ಎಂದು ನೋಡಿ ಆಮೇಲೆ ಹೇಳುತ್ತಾರೆ. ಹಾಗಾಗಿ ಕೊಯ್ಲು ಪ್ಯಾಕನ್ನು ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ. ಅದು ಆದಾಯ, ಆದರೆ ಮರುಕಳಿಸುತ್ತದೆಂದು ನಂಬಿ ಕೂರುವ ಆದಾಯವಲ್ಲ.

ಈಗ ಆ ವರ್ಷಕ್ಕೆ ಬರೋಣ. ಏಪ್ರಿಲ್ 1ರಂದು ನಮ್ಮಲ್ಲಿ 80 ತೋಟಗಳಿದ್ದವು. ಸಣ್ಣವು 60, ತಲಾ ₹10,000. ದೊಡ್ಡವು 20, ತಲಾ ₹30,000. ಎರಡೂ ಕಡೆ ಆರಾರು ಲಕ್ಷ, ಒಟ್ಟು ₹12 ಲಕ್ಷ.

ವರ್ಷದೊಳಗೆ 12 ಸಣ್ಣ ತೋಟಗಳು ನವೀಕರಿಸಲಿಲ್ಲ. ಹೀಗೆ ಕೈತಪ್ಪಿದ ₹1,20,000ವನ್ನು ಚರ್ನ್ ಎನ್ನುತ್ತಾರೆ. ಮೂರು ದೊಡ್ಡ ತೋಟಗಳು ನಮ್ಮನ್ನು ಬಿಡಲಿಲ್ಲ, ಆದರೆ ಬೇಡದ ಭಾಗವೊಂದನ್ನು ಕೈಬಿಟ್ಟು ತಲಾ ₹10,000 ಕಡಿಮೆ ಮಾಡಿಕೊಂಡವು. ಆ ₹30,000 ಕುಗ್ಗಿದ ಆದಾಯ. ಇನ್ನೊಂದು ಕಡೆ, ಎಂಟು ದೊಡ್ಡ ತೋಟಗಳು ಒಣಗಿಸಿದ ಕಾಫಿಯ ಎರಡು ರೂಪಗಳಾದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ದಾಸ್ತಾನಿನ ಲೆಕ್ಕ ಇಡುವ ಭಾಗವನ್ನು ತಲಾ ₹15,000ಕ್ಕೆ ಸೇರಿಸಿಕೊಂಡವು, ಮತ್ತೆ ಮೂರು ಮಾಲೀಕರು ತಮ್ಮ ಇನ್ನೊಂದು ತೋಟವನ್ನೂ ತಲಾ ₹30,000ಕ್ಕೆ ತಂದರು. ಇರುವ ಗ್ರಾಹಕರಿಂದಲೇ ಹೆಚ್ಚಾಗಿ ಬಂದ ಈ ₹2,10,000ವೇ ಎಕ್ಸ್‌ಪಾನ್ಷನ್ ಆದಾಯ. ಇದಲ್ಲದೆ 14 ಸಣ್ಣ ತೋಟಗಳು ಹೊಸದಾಗಿ ಸೇರಿ ₹1,40,000 ತಂದವು. ಹನ್ನೆರಡು ಲಕ್ಷದಿಂದ ಹೋದದ್ದು, ಕುಗ್ಗಿದ್ದು ಕಳೆದು, ಹಿಗ್ಗಿದ್ದು, ಹೊಸದು ಕೂಡಿಸಿದರೆ ಸರಿಯಾಗಿ ₹14 ಲಕ್ಷ.

ಗ್ರಾಹಕರನ್ನು ಎಷ್ಟು ಉಳಿಸಿಕೊಂಡಿದ್ದೇವೆ ಎಂದು ಅಳೆಯಲು ಹೊಸಬರನ್ನು ಬದಿಗಿಡಬೇಕು. ವರ್ಷದ ಆರಂಭದಲ್ಲಿದ್ದವರ ಕಥೆ ಮಾತ್ರ ನೋಡಬೇಕು. ಎಕ್ಸೆಲ್‌ನಲ್ಲಿ ಆರಂಭದ ಎ.ಆರ್.ಆರ್. B1ರಲ್ಲಿ, ಚರ್ನ್ B2ರಲ್ಲಿ, ಕುಗ್ಗಿದ್ದು B3ರಲ್ಲಿ, ಎಕ್ಸ್‌ಪಾನ್ಷನ್ B4ರಲ್ಲಿ ಇದ್ದರೆ ಎರಡೇ ಸೂತ್ರ ಸಾಕು:

```
=(B1-B2-B3+B4)/B1
=(B1-B2-B3)/B1
```

ಮೊದಲನೆಯದು ನೆಟ್ ರಿಟೆನ್ಷನ್. ನಮ್ಮದು ಶೇ 105. ಅಂದರೆ ಒಬ್ಬನೇ ಹೊಸ ಗ್ರಾಹಕ ಬರದಿದ್ದರೂ ಆದಾಯ ಶೇ 5ರಷ್ಟು ಬೆಳೆಯುತ್ತಿತ್ತು. ಇದನ್ನು ಕೇಳಿ ನನ್ನ ಪಾಲುದಾರರು ಹಿಗ್ಗಿದರು. ಎರಡನೆಯದು ಗ್ರಾಸ್ ರಿಟೆನ್ಷನ್. ಅದರಲ್ಲಿ ಹಿಗ್ಗಿದ ಹಣಕ್ಕೆ ಜಾಗವಿಲ್ಲ, ಆದ್ದರಿಂದ ಅದು ಎಂದೂ ಶೇ 100ನ್ನು ದಾಟುವುದಿಲ್ಲ. ನಮ್ಮದು ಶೇ 87.5. ನಾನು ಯಾವಾಗಲೂ ಇದನ್ನೇ ಮೊದಲು ನೋಡುತ್ತೇನೆ. ನೆಟ್ ಲೆಕ್ಕ ಸುಳ್ಳು ಹೇಳುವುದಿಲ್ಲ; ಆದರೆ ಒಬ್ಬರು ಹೆಚ್ಚು ಕೊಟ್ಟದ್ದನ್ನು ಇನ್ನೊಬ್ಬರು ಬಿಟ್ಟು ಹೋದ ಜಾಗಕ್ಕೆ ತುಂಬಿ ಸಮ ಮಾಡಿಬಿಡುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಸಣ್ಣವರನ್ನೂ ದೊಡ್ಡವರನ್ನೂ ಬೇರೆ ಬೇರೆ ಮಾಡಿ ನೋಡುವುದು. ಹಣದ ಲೆಕ್ಕದಲ್ಲಿ ಚರ್ನ್ ಶೇ 10. ತೋಟಗಳ ಎಣಿಕೆಯಲ್ಲಿ 80ಕ್ಕೆ 12, ಅಂದರೆ ಶೇ 15. ಸಣ್ಣ ತೋಟಗಳಷ್ಟನ್ನೇ ತೆಗೆದುಕೊಂಡರೆ 60ಕ್ಕೆ 12, ಅಂದರೆ ಶೇ 20. ಬಿಟ್ಟು ಹೋದವು ಅದೇ ಹನ್ನೆರಡು ತೋಟಗಳು. ಯಾವುದರಿಂದ ಭಾಗಿಸಿದಿರಿ ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ. ಶೇ 20 ಹೀಗೇ ಮುಂದುವರಿದರೆ ಒಂದು ಸಣ್ಣ ತೋಟ ನಮ್ಮಲ್ಲಿ ಸರಾಸರಿ ಐದು ವರ್ಷ ಮಾತ್ರ ಇರುತ್ತದೆ. ಹೊಸದಾಗಿ ತಂದ ಹದಿನಾಲ್ಕರಲ್ಲಿ ಹನ್ನೆರಡು ಹೋದವರ ಜಾಗ ತುಂಬುವುದಕ್ಕೇ ಮುಗಿದವು.

ಎಕ್ಸ್‌ಪಾನ್ಷನ್ ಇದೆಯಲ್ಲ ಎಂದರು ಪಾಲುದಾರರು. ಆ ಹಣ ಬಂದದ್ದು ಹನ್ನೊಂದು ಮಾಲೀಕರಿಂದ. ದಾಸ್ತಾನಿನ ಭಾಗವನ್ನು ಒಮ್ಮೆ ಕೊಂಡವರು ಮತ್ತೆ ಕೊಳ್ಳುವುದಿಲ್ಲ. ಮೂಡಿಗೆರೆ, ಕೊಪ್ಪ, ಕಳಸದ ಕಡೆ ಎರಡು ಮೂರು ತೋಟ ಇಟ್ಟುಕೊಂಡವರು ನಮ್ಮ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟಿದ್ದರು, ಅವರೂ ತಂದಾಗಿತ್ತು. ಹೊಸದಾಗಿ ತಂದ ಮೂರೂ ಸೇರಿ ದೊಡ್ಡ ತೋಟ ಇರುವುದೇ 23. ಆ ಮೂಲ ಬತ್ತುವ ಹೊತ್ತಿಗೆ ಸಣ್ಣ ತೋಟಗಳ ಚರ್ನ್ ಹಾಗೆಯೇ ಉಳಿದಿರುತ್ತದೆ. ನೆಟ್ ರಿಟೆನ್ಷನ್ ಆಗ ಶೇ 90ರ ಆಸುಪಾಸಿಗೆ ಬೀಳುವುದನ್ನು ತಡೆಯಲು ಏನೂ ಇರುವುದಿಲ್ಲ.

ಆದ್ದರಿಂದ ಬಿಟ್ಟು ಹೋದವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಬೆಲೆ ಹೆಚ್ಚಾಯಿತು ಎಂಬ ಉತ್ತರ ಮೊದಲು ಬರುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ಕಳೆದ ವರ್ಷವೂ ಅದೇ ಬೆಲೆಯಿತ್ತು. ಆಲ್ದೂರಿನ ಕಡೆಯ ಒಬ್ಬ ಬೆಳೆಗಾರರು ಮಾತ್ರ ನೇರವಾಗಿ ಹೇಳಿದರು: "ನೋಡಿ, ನಮ್ಮ ರೈಟರ್ ಗಣಪತಿ ಹಬ್ಬಕ್ಕೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೊಸಬರಿಗೆ ಪುಸ್ತಕವೇ ರೂಢಿ. ನಾನು ಬೆಂಗಳೂರಿನಲ್ಲಿ ಕೂತು ಅವರ ಜೊತೆ ಜಗಳವಾಡಲೇ?"

ಆಮೇಲೆ ಆ ಹನ್ನೆರಡೂ ತೋಟಗಳ ಚೆಕ್‌ರೋಲಿನಲ್ಲಿ ಕೊನೆಯ ಸಲ ಹಾಜರಿ ತುಂಬಿದ ದಿನಾಂಕ ತೆಗೆದು ನೋಡಿದೆ. ಹೆಚ್ಚಿನವು ನವೀಕರಣದ ದಿನಕ್ಕಿಂತ ಎಷ್ಟೋ ತಿಂಗಳು ಮೊದಲೇ ನಿಂತಿದ್ದವು. ಚರ್ನ್ ನಮ್ಮ ಪುಸ್ತಕದಲ್ಲಿ ನವೀಕರಣದ ತಿಂಗಳಾದ ಏಪ್ರಿಲ್‌ನ ಲೆಕ್ಕಕ್ಕೆ ಸೇರಿತು. ತೋಟದಲ್ಲಿ ಆಗಿಹೋದದ್ದು ಹಿಂದಿನ ಮಳೆಗಾಲದಲ್ಲಿ, ರೈಟರ್ ಬದಲಾದಾಗ. ದೊಡ್ಡ ತೋಟಗಳಲ್ಲಿ ಕಚೇರಿ ಇದೆ, ಒಬ್ಬರು ಹೋದರೆ ಇನ್ನೊಬ್ಬರು ಕಲಿಸುತ್ತಾರೆ. ಸಣ್ಣ ತೋಟದಲ್ಲಿ ರೈಟರ್ ಹೋದರೆ ಸಾಫ್ಟ್‌ವೇರೂ ಅವರ ಹಿಂದೆಯೇ ಹೋಗುತ್ತದೆ.

ಅಂದಿನಿಂದ ಎರಡು ವಾರದ ಬಟವಾಡೆ ತುಂಬದ ಸಣ್ಣ ತೋಟಗಳ ಪಟ್ಟಿಯನ್ನು ಪ್ರತಿ ಸೋಮವಾರ ತೆಗೆಯುತ್ತೇನೆ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಗೊಬ್ಬರದ ಕೆಲಸ ನಡೆಯುವ ತಿಂಗಳಲ್ಲೂ ಕೂಲಿ ಇದ್ದೇ ಇರುತ್ತದೆ, ಹಾಗಾಗಿ ಎರಡು ವಾರ ಖಾಲಿ ಎಂದರೆ ಕಾರಣ ಕೇಳಲೇಬೇಕು. ಧಾರಾಕಾರ ಮಳೆಯ ಜುಲೈ ಮಾತ್ರ ಇದಕ್ಕೆ ಹೊರತು. ಹೊಸ ರೈಟರ್ ಬಂದಿದ್ದಾರೆಂದು ತಿಳಿದರೆ ನಮ್ಮ ಹುಡುಗ ಹೋಗಿ ಮತ್ತೊಮ್ಮೆ ಕಲಿಸಿ ಬರುತ್ತಾನೆ, ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ಬದಲಾವಣೆ ನವೀಕರಣದ ತಿಂಗಳಿನದು. ಏಪ್ರಿಲ್‌ನಲ್ಲಿ ಕೊಯ್ಲು ಮುಗಿದು ಸಾಫ್ಟ್‌ವೇರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಫೆಬ್ರುವರಿಯಲ್ಲಿ ಅದು ದಿನವೂ ಕೈಯಲ್ಲಿರುತ್ತದೆ, ಫಸಲಿನ ಹಣವೂ ಬರಲಾರಂಭಿಸಿರುತ್ತದೆ. ಒಪ್ಪಿದ ಸಣ್ಣ ತೋಟಗಳಿಗೆ ಏಪ್ರಿಲ್‌ನಲ್ಲಿ ಹತ್ತು ತಿಂಗಳಿಗಷ್ಟೇ ₹8,333 ಬಿಲ್ ಮಾಡಿ, ಮುಂದಿನ ಫೆಬ್ರುವರಿಯಿಂದ ಪೂರ್ತಿ ವರ್ಷದ ಬಿಲ್ ಕೊಟ್ಟೆವು. ಲೆಕ್ಕ ಬರೆಯುವವರು ಇದನ್ನು ₹1,667 ಕುಗ್ಗಿದ ಆದಾಯ ಎಂದು ತೋರಿಸಿದ್ದರು, ತಿದ್ದಿಸಿದೆ. ವಾರ್ಷಿಕ ದರ ಬದಲಾಗಿಲ್ಲ, ಎ.ಆರ್.ಆರ್. ₹10,000ವೇ. ಆ ವರ್ಷ ಕೈಗೆ ಬರುವ ನಗದು ಮಾತ್ರ ಕಡಿಮೆ, ಅದಕ್ಕೆ ಮೊದಲೇ ಸಿದ್ಧರಾಗಿರಬೇಕು.

ತಡವಾಗಿ ಕೊಡುವವರ ವಿಷಯದಲ್ಲಿ ಒಂದು ನಿಯಮ ಬರೆದಿಟ್ಟಿದ್ದೇವೆ: ಅವಧಿ ಮುಗಿದು 90 ದಿನದೊಳಗೆ ಕೊಟ್ಟರೆ ನವೀಕರಣ, ದಾಟಿದರೆ ಚರ್ನ್, ಆಮೇಲೆ ಬಂದರೆ ಮರಳಿ ಬಂದವರೆಂದು ಬೇರೆ ಸಾಲು. ತೊಂಬತ್ತರ ಬದಲು ಅರವತ್ತು ಎಂದಿದ್ದರೂ ಆಗುತ್ತಿತ್ತು. ವರ್ಷದ ಕೊನೆಯಲ್ಲಿ ಸಂಖ್ಯೆ ಚೆನ್ನಾಗಿ ಕಾಣಲೆಂದು ಅದನ್ನು ಹಿಗ್ಗಿಸಬಾರದು, ಅಷ್ಟೆ.

ಮುಂದಿನ ವರ್ಷ ಸಣ್ಣ ತೋಟಗಳ ಚರ್ನ್ ಇಳಿಯಿತು. ಅದರ ಶ್ರೇಯಸ್ಸನ್ನೆಲ್ಲ ನಾನು ತೆಗೆದುಕೊಳ್ಳುವ ಹಾಗಿಲ್ಲ. 2024ರಲ್ಲಿ ಕಾಫಿ ಬೆಲೆ ಭಾರಿ ಏರಿತ್ತು. ಕೈಯಲ್ಲಿ ದುಡ್ಡಿರುವ ಬೆಳೆಗಾರರು ಹತ್ತು ಸಾವಿರಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಫೆಬ್ರುವರಿಗೆ ಬದಲಾದ ತೋಟಗಳನ್ನೂ ಏಪ್ರಿಲ್‌ನಲ್ಲೇ ಉಳಿದವನ್ನೂ ಎರಡು ಗುಂಪಾಗಿ ಹಾಳೆಯಲ್ಲಿ ಬೇರೆ ಇಟ್ಟಿದ್ದೇನೆ. ಕಾಫಿ ಬೆಲೆ ಎರಡೂ ಗುಂಪಿಗೆ ಒಂದೇ, ಆದ್ದರಿಂದ ವ್ಯತ್ಯಾಸವೇನಾದರೂ ಕಂಡರೆ ಅದು ಬೆಲೆಯದ್ದಲ್ಲ. ಆದರೂ ಒಂದು ಅನುಮಾನ ಉಳಿಯುತ್ತದೆ: ತಿಂಗಳು ಬದಲಿಸಲು ಸುಲಭವಾಗಿ ಒಪ್ಪಿದವರು ಮೊದಲಿನಿಂದಲೂ ನಮ್ಮ ಮೇಲೆ ವಿಶ್ವಾಸವಿದ್ದವರೇ ಇರಬಹುದು. ಹಾಗಾಗಿ ಈ ಸಲ ಹೊಸದಾಗಿ ಸೇರುವ ಸಣ್ಣ ತೋಟಗಳಿಗೆ ಆಯ್ಕೆ ಕೊಡುತ್ತಿಲ್ಲ; ಒಂದು ಬಿಟ್ಟು ಒಂದಕ್ಕೆ ಫೆಬ್ರುವರಿ ಎಂದು ನಾವೇ ಬರೆಯುತ್ತಿದ್ದೇವೆ.