ಖೋ ಖೋ ಕೋಚ್‌ನ ಒಂದು ಪುಟದ ತರಬೇತಿ ತತ್ವ: ನನ್ನ ಅನುಭವ

ಶಾಲೆಗೆ ಖೋ ಖೋ ಕೋಚ್ ಆಗಿ ಸೇರಿದ ಕೂಡಲೇ ಮುಖ್ಯಗುರುಗಳು ತರಬೇತಿ ತತ್ವ ಬರೆದುಕೊಡಿ ಅಂದರು. ‘ಶಿಸ್ತು, ಶ್ರಮ, ಕ್ರೀಡಾಸ್ಫೂರ್ತಿ ಅಂತ ನಾಕ್ ಸಾಲ ಹಾಕ್ರಿ ಸರ, ಯಾರ ಓದ್ತಾರ’ ಅಂದವರು ಬಾಗಲಕೋಟೆ ಕಡೆಯ ಹಿರಿಯ ಪಿ.ಇ. ಸರ್‌ಗಳು. ಅಂಥ ಸಾಲುಗಳು ನಿಲ್ಲೋದಿಲ್ಲ. ‘ಪ್ರತಿ ಮಗುವಿಗೂ ಸಮಾನ ಅವಕಾಶ’ ಅಂತ ಬರೆದರೆ ತಾಲೂಕು ಪಂದ್ಯದ ದಿನವೇ ಅದು ಸುಳ್ಳಾಗುತ್ತದೆ. ತಂಡದಲ್ಲಿ 12 ಮಕ್ಕಳು, ಕಣಕ್ಕಿಳಿಯೋರು 9.

ನಾನು ಹಿಂದುಮುಂದಾಗಿ ಬರೆದೆ. ಮೊದಲು ತಕರಾರು ಏಳೋ ಸಂದರ್ಭಗಳು: ಯಾರು ಹೊರಗೆ ಕೂರಬೇಕು, ಕಾಲು ಉಳುಕಿದ ಒಳ್ಳೇ ಓಟಗಾರನನ್ನು ಇಳಿಸಬೇಕೇ, ಹೊಲದ ಕೆಲಸಕ್ಕೆ ಹೋಗಿ ಪ್ರಾಕ್ಟೀಸ್ ತಪ್ಪಿಸಿದವನಿಗೆ ಏನು, ಬಸ್ ಚಾರ್ಜ್ ಯಾರದು. ಒಂದೊಂದಕ್ಕೂ ನಾನು ಮಾಡೋದೇನು ಅಂತ ಬರೆದು, ಆಮೇಲೆ ‘ಯಾಕೆಂದರೆ’ ಜೋಡಿಸಿದೆ. ತತ್ವ ಇರೋದು ಅಲ್ಲೇ.

ಓಟಗಾರರು 3 ಮಂದಿಯ ಬ್ಯಾಚ್ ಆಗಿ ಬರ್ತಾರಲ್ಲ, 12 ಅಂದರೆ 4 ಬ್ಯಾಚ್. ಅದನ್ನು ಹಿಡಿದು ಹೀಗೆ ಬರೆದೆ: ‘ಅಭ್ಯಾಸ ಪಂದ್ಯಗಳಲ್ಲಿ 4 ಬ್ಯಾಚೂ ಸರದಿಯಂತೆ ಓಡುತ್ತವೆ. ತಾಲೂಕು ಪಂದ್ಯಕ್ಕೆ ಗೆಲ್ಲಬಲ್ಲ 9 ಮಂದಿಯನ್ನು ಆರಿಸುತ್ತೇನೆ. ಉಳಿದ ಮೂವರಿಗೆ ಹಿಂದಿನ ಸಂಜೆಯೇ ಒಬ್ಬೊಬ್ಬರನ್ನಾಗಿ ಕರೆದು ಕಾರಣ ಹೇಳುತ್ತೇನೆ. ಯಾಕೆಂದರೆ ಕಲಿಯುವ ಹಕ್ಕು ಎಲ್ಲರದು, ಕಣದ ಜಾಗ ಆಡಿ ಗಳಿಸಬೇಕಾದ್ದು.’

ಸಾಲು ಸಡಿಲ ಇದೆಯೋ ಇಲ್ಲವೋ ತಿಳಿಯಲು ಇಬ್ಬರು ಶಿಕ್ಷಕರಿಗೆ ಓದಿಸಿ, ‘ಇಂಥ ಹೊತ್ತಲ್ಲಿ ನಾ ಏನ್ ಮಾಡ್ತೀನಿ?’ ಅಂತ ಬೇರೆಬೇರೆಯಾಗಿ ಕೇಳಿದೆ. ಕಾಲು ಉಳುಕಿದವನ ಬಗ್ಗೆ ಬರೆದಿದ್ದ ‘ಮಗುವಿನ ಆರೋಗ್ಯವೇ ಮೊದಲು’ ಅನ್ನೋ ಸಾಲಿಗೆ ಒಬ್ಬರು ಆಡಿಸ್ತೀರಿ ಅಂದರು, ಇನ್ನೊಬ್ಬರು ಕೂರಿಸ್ತೀರಿ ಅಂದರು. ಅದನ್ನು ತೆಗೆದು, ‘ಉಳುಕಿದ ಕಾಲೊಂದರಲ್ಲೇ 10 ಸಲ ನೋವಿಲ್ಲದೆ ಜಿಗಿದು, ಕಂಬ ಹಿಡಿದು ತಿರುಗುವವರೆಗೆ ಕಣಕ್ಕಿಲ್ಲ’ ಅಂತ ಹಾಕಿದೆ. ಕಂಬದ ಹತ್ತಿರ ತಿರುಗುವಾಗ ಪಾದದ ಕೀಲಿನ ಮೇಲೆ ಮೈಭಾರ ಅಡ್ಡಕ್ಕೆ ಬೀಳುತ್ತದೆ. ನೆಟ್ಟಗೆ ಓಡಬಲ್ಲವನೂ ಅಲ್ಲಿ ಮುಗ್ಗರಿಸ್ತಾನೆ.

ದುಡ್ಡಿನ ಸಾಲು ಬಹಳ ಜನ ಬರೆಯೋದೇ ಇಲ್ಲ. ಬಸ್ಸು, ನಾಷ್ಟಾ, ಶೇಂಗಾ-ಬೆಲ್ಲ ಸೇರಿ ಒಂದು ಪಂದ್ಯಕ್ಕೆ ಹೆಚ್ಚುಕಡಿಮೆ 1,500 ರೂಪಾಯಿ ಬೇಕು. ‘ದುಡ್ಡಿಲ್ಲ ಅಂತ ಯಾರೂ ತಂಡ ಬಿಡುವಂತಿಲ್ಲ’ ಅಂತ ಬರೆದರೆ ಆ ಹಣ ಎಲ್ಲಿಂದ ಅನ್ನೋದೂ ಅದೇ ಸಾಲಿನಲ್ಲಿರಬೇಕು. ಅದಕ್ಕೆ ಮುಖ್ಯಗುರುಗಳ ಸಹಿ ಮೊದಲೇ ಹಾಕಿಸಿಕೊಂಡೆ. ಸಹಿ ಪಡೆಯುವ ಉಪಾಯ ನನ್ನ ಹತ್ತಿರವೇ ಇರಲಿ.

ನಡುವೆ ಮಕ್ಕಳ ಮಾತಿನಲ್ಲೂ ಒಂದು ಪ್ರತಿ ಬರೆದೆ. ಓದಿಸಿದಾಗ ಅವರು ತಡವರಿಸಿದ ಮಾತುಗಳನ್ನು ಮೂಲ ಪ್ರತಿಯಿಂದಲೂ ತೆಗೆದೆ. ಎರಡು ಪುಟ ಇದ್ದದ್ದು ಒಂದಕ್ಕೆ ಇಳಿಯಿತು.

ಆಯ್ಕೆಯ ವೇಳೆ ತಮ್ಮ ಹುಡುಗನನ್ನು ಸೇರಿಸಿ ಅಂತ ಬಂದವರ ಕೈಗೆ ಆ ಪುಟ ಕೊಟ್ಟೆ. ಓದಿ, ‘ಅವಂಗ ಯಾವ್ದರಾಗ ಕಮ್ಮಿ ಐತಿ ಹೇಳ್ರಿ’ ಅಂದರು. ಹೇಳಿದೆ. ಈಗ ಆ ಹಿರಿಯ ಸರ್‌ಗಳೇ ಪ್ರತಿ ಕೇಳ್ತಾರೆ. ನಕಲು ಮಾಡಬೇಡಿ, ಕಬಡ್ಡಿಗೆ ತೂಕ ಇಳಿಸೋಕೆ ಉಪವಾಸ ಕೂರೋ ಮಕ್ಕಳ ಬಗ್ಗೆ ಇದರಲ್ಲಿ ಒಂದು ಸಾಲೂ ಇಲ್ಲ, ನಿಮ್ಮ ಆಟದ ತಕರಾರಿನಿಂದ ಶುರುಮಾಡಿ ಅಂತ ಹೇಳಿಯೇ ಕೊಡ್ತೀನಿ.