ಒಂದು ಕಾಲಂ ತೆಗೆದ ಮೇಲೆ ದಾರಿಗೆ ಬಂತು: ನನ್ನ ಅನುಭವ

"ರ‍್ಯಾಂಡಮೈಸ್ ಮಾಡಿಲ್ಲ ಅಂದ್ರೆ ಯಾರು ನಂಬ್ತಾರೆ?" ಎಂದು ತಂಡದ ಹಿರಿಯರು ಮೊದಲ ಸಭೆಯಲ್ಲೇ ಕೇಳಿದ್ದರು. ನಮ್ಮ ಪ್ರಶ್ನೆ ಇದು: ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳಲ್ಲಿ ಯಾವುದರಿಂದ ರಕ್ತಸ್ರಾವ ಕಡಿಮೆ? ಎರಡೂ ವರ್ಷಗಳಿಂದ ಬಳಕೆಯಲ್ಲಿವೆ, ಹೊಸದಾಗಿ ಚೀಟಿ ಎತ್ತಿ ಹಂಚುವ ಹಾಗಿರಲಿಲ್ಲ. ಹಳೆಯ ದಾಖಲೆಯೇ ಗತಿ. ಮಾತ್ರೆ ಆಗಷ್ಟೇ ಶುರು ಮಾಡಿದವರು ಮಾತ್ರ, ಸುಮಾರು 9,000 ಜನ ಸಿಕ್ಕರು.

ಕಿಡ್ನಿ ಚೆನ್ನಾಗಿದ್ದವರಿಗೆ ಹೊಸ ಮಾತ್ರೆ ಜಾಸ್ತಿ ಬರೆದಿದ್ದರು. ಹಾಗಾಗಿ ಏನೂ ಸರಿಪಡಿಸದೆ ನೋಡಿದರೆ ಹೊಸದರಲ್ಲಿ ಅಪಾಯ ಹೆಚ್ಚುಕಡಿಮೆ ಅರ್ಧ. ಇದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ ಕ್ರಿಯೇಟಿನಿನ್ ಬೇಕೇ ಬೇಕಿತ್ತು, ಅದು ಇದ್ದಿದ್ದು ಕಾಗದದ ಫೈಲಿನಲ್ಲಿ. ಅದನ್ನು ಕೈಯಲ್ಲಿ ಬರೆಸಿ ತರಿಸಲು ಅನುದಾನದ ಮೂರರಲ್ಲೊಂದು ಪಾಲು ಹೋಯಿತು. ಆ ಖರ್ಚಿಗೆ ಬೈಸಿಕೊಂಡಿದ್ದೂ ನಾನೇ.

ಒಬ್ಬ ರೋಗಿಗೆ ಹೊಸ ಮಾತ್ರೆ ಸಿಗುವ ಸಾಧ್ಯತೆ ಎಷ್ಟು ಎಂಬ ಸ್ಕೋರ್ ಕೊಡುವುದು ಪ್ರೊಪೆನ್ಸಿಟಿ ಮಾಡೆಲ್. ಯಾರಿಗೆ ಯಾವ ಮಾತ್ರೆ ಎಂದು ಅದು ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ಹೇಳುವ ಸಿ-ಸ್ಟ್ಯಾಟಿಸ್ಟಿಕ್ ನನ್ನ ಮೊದಲ ಮಾಡೆಲ್‌ಗೆ 0.91 ಬಂದಿತ್ತು. ಬೀಗಿದೆ. ಆಮೇಲೆ ಎರಡು ಗುಂಪುಗಳನ್ನು ಸರಿದೂಗಿಸಲು ಆ ಸ್ಕೋರಿನಿಂದ ಪ್ರತಿ ರೋಗಿಗೆ ಕೊಟ್ಟ ತೂಕಗಳನ್ನು ನೋಡಿದರೆ ಒಬ್ಬ ರೋಗಿ 140 ಜನರ ಪರವಾಗಿ ನಿಂತಿದ್ದಾನೆ! 9,000 ಜನರ ಡೇಟಾದಲ್ಲಿ ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಆರೇಳು ನೂರು ಜನರಷ್ಟು ಮಾಹಿತಿ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಕಳ್ಳ ಸಿಕ್ಕ: ಚೀಟಿ ಬರೆದ ಡಾಕ್ಟರ್ ಯಾರು ಎಂಬ ಕಾಲಂ. ಕೆಲವರು ಹೊಸದನ್ನೇ ಬರೆಯುವವರು, ಕೆಲವರು ಹಳೆಯದನ್ನೇ. ಮಾತ್ರೆ ಯಾವುದೆಂದು ಆ ಕಾಲಂ ಚೆನ್ನಾಗಿ ಹೇಳುತ್ತದೆ, ಆದರೆ ನಮ್ಮಲ್ಲಿ ರಕ್ತಸ್ರಾವಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ತೆಗೆದೆ. ಸಿ 0.68ಕ್ಕೆ ಬಿತ್ತು, ಎರಡು ಗುಂಪಿನ ಸ್ಕೋರುಗಳು ಒಂದರ ಮೇಲೊಂದು ಕೂತವು. ಬೂಸ್ಟಿಂಗ್ ಎಂಬ ಇನ್ನೂ ಜಟಿಲವಾದ ಮಾಡೆಲನ್ನೂ ಸುಮ್ನೆ ಆಡಿಸಿ ನೋಡಿದೆ. ಸಿ ಏರಿತು, ತೂಕ ಮತ್ತೆ ಹುಚ್ಚಾಯಿತು, ಬಿಟ್ಟೆ.

ಕೊನೆಗೆ, ಎರಡರಲ್ಲಿ ಯಾವುದನ್ನಾದರೂ ಬರೆಯಬಹುದಾಗಿದ್ದವರಿಗೆ ಹೆಚ್ಚು ಬೆಲೆ ಕೊಡುವ ಓವರ್‌ಲ್ಯಾಪ್ ತೂಕ, ಇಲ್ಲಿ ps ಅಂದರೆ ಆ ಸ್ಕೋರ್:

```r
w <- ifelse(d$hosa == 1, 1 - ps, ps)
```

ಸ್ಕೋರನ್ನು ಲಾಜಿಸ್ಟಿಕ್ ರಿಗ್ರೆಶನ್‌ನಿಂದ ತೆಗೆದರೆ ಮಾಡೆಲ್‌ನಲ್ಲಿರುವ ಪ್ರತಿ ಕಾಲಮ್ಮಿನ ಸರಾಸರಿ ಎರಡೂ ಕಡೆ ತಾನಾಗಿ ಸಮವಾಗುತ್ತದೆ. ಟೇಬಲ್ ನೋಡಿ ಕಣ್ಣು ತಂಪಾಗುತ್ತದೆ, ಮೋಸ ಹೋಗುವುದೂ ಅಲ್ಲೇ. ಕ್ರಿಯೇಟಿನಿನ್ ಸರಾಸರಿ ಒಂದೇ ಇತ್ತು, ಆದರೆ ಕಿಡ್ನಿ ತೀರಾ ಕೆಟ್ಟವರು ಹೊಸದರಲ್ಲಿ ನೂರಕ್ಕೆ ನಾಲ್ಕು, ಹಳೆಯದರಲ್ಲಿ ಏಳು. ರಕ್ತಸ್ರಾವ ಜಾಸ್ತಿ ಆಗುವುದು ಅವರಿಗೇ ಅಲ್ವಾ? ಅದಕ್ಕೆ ತೂಕ ಹಾಕಿದ ಮೇಲೂ ಫಲಿತಾಂಶದ ರಿಗ್ರೆಶನ್‌ನಲ್ಲಿ ಕ್ರಿಯೇಟಿನಿನ್ ಅನ್ನು ಸ್ಪ್ಲೈನ್ ಮಾಡಿ, ಅಂದರೆ ನೇರ ಗೆರೆಯ ಬದಲು ಬಾಗುವ ಗೆರೆಯಾಗಿ ಸೇರಿಸಿದೆ, ವಯಸ್ಸನ್ನೂ.

ಹಳೆಯದಕ್ಕೆ ಹೋಲಿಸಿದರೆ ಹೊಸದರ ಅಪಾಯದ ಅನುಪಾತ 0.8ರ ಆಸುಪಾಸು ನಿಂತಿತು. ಇದು ಎರಡರಲ್ಲಿ ಯಾವುದನ್ನು ಬೇಕಾದರೂ ಬರೆಯಬಹುದಾಗಿದ್ದ ರೋಗಿಗಳ ಉತ್ತರ. ಒಂದೇ ಮಾತ್ರೆ ಗತಿ ಎನ್ನುವವರ ಬಗ್ಗೆ ಇದು ಏನೂ ಹೇಳುವುದಿಲ್ಲ.

ಹಿರಿಯರು ಆಗಲೂ ಒಪ್ಪಲಿಲ್ಲ. ಯಾವ ಮಾತ್ರೆ ಎಂಬುದಕ್ಕೂ ಹರ್ನಿಯಾ ಆಪರೇಷನ್ನಿಗೂ ಸಂಬಂಧವಿಲ್ಲ, ಹಾಗಾಗಿ ಅದನ್ನೇ ಫಲಿತಾಂಶ ಮಾಡಿ ಅದೇ ಕೋಡ್ ಓಡಿಸಿದೆ. ಲೆಕ್ಕ ಸರಿ ಇದ್ದರೆ ಅನುಪಾತ 1ರ ಹತ್ತಿರ ಬರಬೇಕು. ಸರಿಪಡಿಸುವ ಮೊದಲು ಅಲ್ಲೂ ವ್ಯತ್ಯಾಸ ಕಾಣುತ್ತಿತ್ತು, 1.3 ಇರಬೇಕು. ಆಮೇಲೆ 1.02. ಅವರು ಆ ಸಾಲನ್ನೇ ಎರಡು ಸಲ ಓದಿ, "ಇದನ್ನು ಮೊದಲ ಟೇಬಲ್‌ಗೇ ಹಾಕಿ" ಅಂದರು.